ಎಮರ್ಜೆನ್ಸಿ ಸರ್ಟಿಫಿಕೇಟ್: ಬರುವುದಕ್ಕೆ ಆಗುತ್ತದೆ, ಮರಳುವುದಕ್ಕೆ ಆಗುವುದಿಲ್ಲ

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿದ್ದಾನೆ. ಅವನ ಸ್ಟೂಡೆಂಟ್ ವೀಸಾ ಜನವರಿ 30ಕ್ಕೆ ಮುಗಿಯುತ್ತದೆ. ಅಲ್ಲಿಯೇ ಕೆಲಸ ಹುಡುಕಬೇಕೆಂದು ಜನವರಿ 8ರಂದು ಗ್ರ್ಯಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಈ ನಡುವೆ ಜನವರಿ 22ರಂದು ಲಂಡನ್‌ನಿಂದ ವಾಪಸ್ ಬರುವಾಗ ರೈಲಿನಲ್ಲಿ ಬ್ಯಾಗ್ ಕಳುವಾಯಿತು, ಪಾಸ್‌ಪೋರ್ಟ್ ಅದರಲ್ಲೇ ಇತ್ತು. ಫೋನ್ ಮಾತ್ರ ಜೇಬಿನಲ್ಲಿದ್ದದ್ದರಿಂದ ಉಳಿಯಿತು. ಫೆಬ್ರವರಿ 15ಕ್ಕೆ ಇಲ್ಲಿ ನಮ್ಮ ಮಗಳ ಮದುವೆ. ಅವನ ಗೆಳೆಯರು ‘ಎಮರ್ಜೆನ್ಸಿ ಸರ್ಟಿಫಿಕೇಟ್ ಬೇಗ ಸಿಗುತ್ತೆ, ಅದರಲ್ಲಿ ಊರಿಗೆ ಹೋಗಿ ಮದುವೆ ಮುಗಿಸು, ಅಲ್ಲೇ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದುಬಿಡು’ ಎನ್ನುತ್ತಿದ್ದಾರಂತೆ. ಹಾಗೆ ಮಾಡಬಹುದೇ?
– ಓದುಗರು, ತಿಪಟೂರು

ಉತ್ತರ: ಸರ್ಟಿಫಿಕೇಟ್ ಸಿಗುತ್ತದೆ, ನಿಮ್ಮ ಮಗ ಮದುವೆಗೂ ಬರುತ್ತಾನೆ. ಆದರೆ ಅವನು ಬ್ರಿಟನ್ ಬಿಟ್ಟ ದಿನವೇ ಅವನ ಗ್ರ್ಯಾಜುಯೇಟ್ ವೀಸಾ ಅರ್ಜಿ ಹಿಂತೆಗೆದುಕೊಂಡಂತೆ ಆಗುತ್ತದೆ. ಆ ಅರ್ಜಿಯನ್ನು ತಿಪಟೂರಿನಲ್ಲಿ ಕೂತು ಮತ್ತೆ ಹಾಕಲು ಬರುವುದಿಲ್ಲ. ಗೆಳೆಯರು ಹೇಳಿದ್ದರಲ್ಲಿ ಮೊದಲರ್ಧ ಸರಿ. ‘ಬಂದುಬಿಡು’ ಎಂಬ ಕೊನೆಯ ಮಾತು ಮಾತ್ರ ನಡೆಯುವುದಿಲ್ಲ.

ಎಮರ್ಜೆನ್ಸಿ ಸರ್ಟಿಫಿಕೇಟ್ ಎನ್ನುವುದು ವಿದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗಳು ಕೊಡುವ ಒಂದು ಪ್ರಯಾಣಪತ್ರ. ಒಂದೇ ಪ್ರಯಾಣ, ಅದೂ ಭಾರತಕ್ಕೆ ಮಾತ್ರ. ಅದನ್ನು ಹಿಡಿದು ಬೆಂಗಳೂರಿಗೆ ಬಂದಿಳಿದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು. ಮರಳಿ ಹೋಗಲು ಆಗಲಿ, ಬೇರೆ ದೇಶಕ್ಕೆ ಹೋಗಲು ಆಗಲಿ ಅದು ಬರುವುದಿಲ್ಲ. ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶ ಮತ್ತು ಆ ವಿಮಾನ ಕಂಪನಿ ಇದನ್ನು ಒಪ್ಪುತ್ತವೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಬೇಕು. ಅದಕ್ಕೇ ಇಂಥವರು ನೇರ ವಿಮಾನ ಹಿಡಿಯುವುದು ಲೇಸು. ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದವರಿಗೆ, ವೀಸಾ ಅವಧಿ ಮೀರಿದವರಿಗೆ, ಊರಲ್ಲಿ ಸಾವುನೋವಾಗಿ ಮರುದಿನವೇ ಹೊರಡಬೇಕಾದವರಿಗೆ ಇದು ದೊಡ್ಡ ಆಸರೆ. ನಿಮ್ಮ ಮಗನ ಸ್ಥಿತಿ ಬೇರೆ. ಅವನಿಗೆ ಅಲ್ಲಿ ಉಳಿಯುವ ಹಕ್ಕು ಈಗ ಒಂದು ಸಣ್ಣ ಕಾನೂನಿನ ಎಳೆಯ ಮೇಲೆ ನಿಂತಿದೆ. ಆ ಎಳೆ ಯಾವುದೆಂದು ತಿಳಿದರೆ ಮಿಕ್ಕದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಬ್ರಿಟನ್ನಿನ 1971ರ ವಲಸೆ ಕಾಯ್ದೆಯಲ್ಲಿ 3ಸಿ ಎಂಬ ಸೆಕ್ಷನ್ ಇದೆ. ವೀಸಾ ಮುಗಿಯುವ ಮೊದಲೇ ಹೊಸ ಅರ್ಜಿ ಹಾಕಿದವರಿಗೆ, ಆ ಅರ್ಜಿಯ ತೀರ್ಮಾನ ಆಗುವವರೆಗೂ ಹಳೆಯ ವೀಸಾ ತನ್ನೆಲ್ಲ ಷರತ್ತುಗಳೊಂದಿಗೆ ತಾನಾಗಿ ಮುಂದುವರಿಯುತ್ತದೆ ಎನ್ನುತ್ತದೆ ಅದು. ನಿಮ್ಮ ಮಗ ಜನವರಿ 8ರಂದೇ ಅರ್ಜಿ ಹಾಕಿದ್ದು ಬಹಳ ಒಳ್ಳೆಯದಾಯಿತು. ಜನವರಿ 30 ಕಳೆದ ಮೇಲೂ ಅವನು ಅಲ್ಲಿ ಅಕ್ರಮವಾಗಿ ಇದ್ದಂತಾಗುವುದಿಲ್ಲ. ಆದರೆ ಈ ಮುಂದುವರಿಕೆ ದೇಶದೊಳಗೆ ಇದ್ದವರಿಗಷ್ಟೇ. ದೇಶ ಬಿಟ್ಟ ಕ್ಷಣಕ್ಕೆ ಅದು ನಿಂತುಹೋಗುತ್ತದೆ. ಇದರ ಜೊತೆಗೆ ಅಲ್ಲಿನ ವಲಸೆ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಬ್ರಿಟನ್ನಿನ ಒಳಗಿನಿಂದ ಅರ್ಜಿ ಹಾಕಿದವರು ತೀರ್ಮಾನ ಬರುವ ಮೊದಲು ಹೊರಗೆ ಹೋದರೆ, ಹೋದ ದಿನಾಂಕಕ್ಕೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಪರಿಗಣಿಸಲಾಗುತ್ತದೆ. ಐರ್ಲೆಂಡ್, ಐಲ್ ಆಫ್ ಮ್ಯಾನ್, ಚಾನೆಲ್ ದ್ವೀಪಗಳು ಈ ನಿಯಮಕ್ಕೆ ಹೊರತು. ಮದುವೆ ಇರುವುದು ಡಬ್ಲಿನ್‌ನಲ್ಲಲ್ಲ, ತಿಪಟೂರಿನಲ್ಲಿ ಆದ್ದರಿಂದ ಆ ರಿಯಾಯಿತಿ ನಮಗೆ ಉಪಯೋಗಕ್ಕಿಲ್ಲ.

ಈಗ ಗೆಳೆಯರ ಸಲಹೆಯನ್ನು ದಿನಾಂಕಗಳ ಮೇಲೆ ಇಟ್ಟು ನೋಡೋಣ. ಅವನು ಫೆಬ್ರವರಿ 10ಕ್ಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಹಿಡಿದು ಹೊರಟ ಎನ್ನಿ. ಅಂದೇ ಗ್ರ್ಯಾಜುಯೇಟ್ ಅರ್ಜಿ ಹೋಯಿತು. ಸ್ಟೂಡೆಂಟ್ ವೀಸಾ ಜನವರಿ 30ಕ್ಕೇ ಮುಗಿದಿರುವುದರಿಂದ ಹಿಂದೆ ಸರಿದು ನಿಲ್ಲಲು ಅದೂ ಇಲ್ಲ. ಗ್ರ್ಯಾಜುಯೇಟ್ ವೀಸಾ ಕೇಳಬೇಕಾದರೆ ಅರ್ಜಿ ಹಾಕುವಾಗ ಬ್ರಿಟನ್ನಿನ ಒಳಗೇ ಇರಬೇಕು, ಕೈಯಲ್ಲಿ ಸ್ಟೂಡೆಂಟ್ ವೀಸಾ ಇರಬೇಕು. ಎರಡೂ ಇಲ್ಲವಾದ ಮೇಲೆ ಹೊಸ ಪಾಸ್‌ಪೋರ್ಟ್ ಎಷ್ಟು ಬೇಗ ಸಿಕ್ಕರೂ ಅದರೊಳಗೆ ಇಡಲು ಏನೂ ಉಳಿದಿರುವುದಿಲ್ಲ. ಮತ್ತೆ ಹೋಗಬೇಕಾದರೆ ಯಾವುದಾದರೂ ಕಂಪನಿ ಪ್ರಾಯೋಜಕತ್ವ ಕೊಟ್ಟು ಸ್ಕಿಲ್ಡ್ ವರ್ಕರ್ ವೀಸಾ ಆಗಬೇಕು, ಇಲ್ಲವೇ ಮತ್ತೊಂದು ಕೋರ್ಸಿಗೆ ಸೇರಬೇಕು. ಎರಡು ವರ್ಷಕ್ಕೆಂದು ಕಟ್ಟಿದ ಆರೋಗ್ಯ ಶುಲ್ಕ, ವರ್ಷಕ್ಕೆ 1,035 ಪೌಂಡಿನಂತೆ 2,070 ಪೌಂಡ್, ವಾಪಸ್ ಬರುತ್ತದೆ ಎನ್ನುವುದಷ್ಟೇ ಸಮಾಧಾನ. ಅರ್ಜಿ ಶುಲ್ಕ ಬರುವ ಭರವಸೆ ಇಟ್ಟುಕೊಳ್ಳಬೇಡಿ.

‘ಬ್ರಿಟನ್ನಿನಿಂದ ಹೊರಡುವಾಗ ಇಮಿಗ್ರೇಷನ್ ಕೌಂಟರ್ ಇರುವುದಿಲ್ಲ, ಮುದ್ರೆ ಹೊಡೆಯುವುದಿಲ್ಲ, ಹೋದದ್ದು ಯಾರಿಗೆ ಗೊತ್ತಾಗುತ್ತೆ’ ಎಂದು ಯಾರಾದರೂ ಕಿವಿಯೂದಿಯಾರು. ಕೌಂಟರ್ ಇಲ್ಲದಿರುವುದು ನಿಜ. ಆದರೆ 2015ರಿಂದ ವಿಮಾನ ಕಂಪನಿಗಳೇ ಹೊರಡುವ ಪ್ರತಿಯೊಬ್ಬರ ವಿವರವನ್ನು ಹೋಂ ಆಫೀಸಿಗೆ ಕೊಡುತ್ತವೆ. ಎಮರ್ಜೆನ್ಸಿ ಸರ್ಟಿಫಿಕೇಟ್‌ನಲ್ಲಿ ಹೋದವನ ಹೆಸರು, ಹುಟ್ಟಿದ ದಿನಾಂಕ ಬದಲಾಗುವುದಿಲ್ಲವಲ್ಲ.

ಹಾಗಾದರೆ ಮಾಡಬೇಕಾದದ್ದು ಅಲ್ಲಿಯೇ ಇದ್ದು ಹೊಸ ಪಾಸ್‌ಪೋರ್ಟ್ ಪಡೆಯುವುದು. ಇದಕ್ಕೆ ಮೊದಲ ಹೆಜ್ಜೆ ಪೊಲೀಸ್ ದೂರು. ರೈಲಿನಲ್ಲಿ ಕಳುವಾದದ್ದರಿಂದ ದೂರು ಹೋಗಬೇಕಾದದ್ದು ಲೀಡ್ಸಿನ ಪೊಲೀಸರಿಗೂ ಅಲ್ಲ, ಲಂಡನ್ನಿನ ಪೊಲೀಸರಿಗೂ ಅಲ್ಲ. ರೈಲುಗಳಿಗೆಂದೇ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸ್ ಎಂಬ ಬೇರೆ ಪಡೆ ಇದೆ. ಅವರ ವೆಬ್‌ಸೈಟಿನಲ್ಲಿ ದೂರು ಕೊಡಬಹುದು, 61016ಕ್ಕೆ ಮೆಸೇಜ್ ಕಳಿಸಿಯೂ ಕೊಡಬಹುದು. ನಮ್ಮಲ್ಲಿಯಂತೆ ಮುದ್ರೆ ಹೊಡೆದ ಎಫ್‌ಐಆರ್ ಪ್ರತಿ ಅಲ್ಲಿ ಸಿಗುವುದಿಲ್ಲ. ಒಂದು ಕ್ರೈಮ್ ರೆಫರೆನ್ಸ್ ನಂಬರ್ ಇರುವ ಇಮೇಲ್ ಅಥವಾ ಪತ್ರ ಬರುತ್ತದೆ. ಮಗ ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. ದೂರು ಬರೆಯುವಾಗ ಹುಡುಗರು ‘ಬ್ಯಾಗ್ ಕಳುವಾಗಿದೆ, ಒಳಗೆ ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಇತ್ಯಾದಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಹೈಕಮಿಷನ್ನಿಗೆ ಬೇಕಾದದ್ದು ಲ್ಯಾಪ್‌ಟಾಪ್ ಅಲ್ಲ. ‘ಭಾರತದ ಪಾಸ್‌ಪೋರ್ಟ್’ ಎಂಬ ಪದ, ಅದರ ನಂಬರು, ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ ಪೂರ್ತಿ ಹೆಸರು, ಕಳುವಾದ ದಿನ, ರೈಲಿನ ಮಾರ್ಗ ಇಷ್ಟೂ ಆ ಪತ್ರದಲ್ಲಿ ಇರುವಂತೆ ನೋಡಿಕೊಳ್ಳಬೇಕು. ಬಿಟ್ಟುಹೋಗಿದ್ದರೆ ಅದೇ ರೆಫರೆನ್ಸ್ ನಂಬರ್ ಹೇಳಿ ಸೇರಿಸಲು ಕೇಳಬೇಕು.

ಇನ್ನೊಂದು ವ್ಯತ್ಯಾಸವೂ ಇದೆ. ಕಳುವಾದದ್ದನ್ನು ‘ಎಲ್ಲೋ ಬಿಟ್ಟೆ’ ಎಂದು ಹೇಳಿದರೆ ಅಲ್ಲಿನ ಅನೇಕ ಪೊಲೀಸ್ ಪಡೆಗಳು ದೂರನ್ನೇ ದಾಖಲಿಸಿಕೊಳ್ಳುವುದಿಲ್ಲ, ಕಳೆದುಹೋದ ವಸ್ತು ತಮ್ಮ ಕೆಲಸವಲ್ಲ ಎನ್ನುತ್ತವೆ. ಕಳವಾಗಿದ್ದರೆ ಕಳವು ಎಂದೇ ಹೇಳಬೇಕು. ಹಾಗೆಂದು ನಿಜಕ್ಕೂ ಬಿಟ್ಟುಬಂದವರು ಕಳವು ಎಂದು ಕಥೆ ಕಟ್ಟುವುದೂ ತಪ್ಪು. ಪಾಸ್‌ಪೋರ್ಟ್ ಪಡೆಯಲು ಸುಳ್ಳು ಮಾಹಿತಿ ಕೊಡುವುದು ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಜೈಲು ಶಿಕ್ಷೆಯವರೆಗೂ ಹೋಗುವ ಅಪರಾಧ.

ಆಮೇಲೆ ಹೈಕಮಿಷನ್ ಕಡೆಯ ಕೆಲಸ. ಅರ್ಜಿಯನ್ನು ವಿದೇಶದಲ್ಲಿರುವವರಿಗಾಗಿ ಇರುವ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ತುಂಬಿ, ಮುದ್ರಿಸಿ, ಅರ್ಜಿ ಸ್ವೀಕರಿಸುವ ವಿ.ಎಫ್.ಎಸ್. ಕೇಂದ್ರಕ್ಕೆ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಪಾಸ್‌ಪೋರ್ಟೇ ಕೈಯಲ್ಲಿ ಇಲ್ಲವಲ್ಲ ಎಂದು ‘ಫ್ರೆಶ್’ ಎಂಬುದನ್ನು ಒತ್ತುವವರಿದ್ದಾರೆ. ಅದು ಒಮ್ಮೆಯೂ ಪಾಸ್‌ಪೋರ್ಟ್ ಪಡೆಯದವರಿಗೆ. ಇವನದು ರೀಇಶ್ಯೂ, ಕಾರಣ ‘ಲಾಸ್ಟ್’. ಜೊತೆಗೆ ಪೊಲೀಸ್ ಪತ್ರ, ಹೇಗೆ ಕಳುವಾಯಿತೆಂದು ತಾನೇ ಬರೆದು ಸಹಿ ಮಾಡಿದ ಹೇಳಿಕೆ, ಕಳುವಾದ ಪಾಸ್‌ಪೋರ್ಟಿನ ಜೆರಾಕ್ಸ್, ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ಇರುವುದಕ್ಕೆ ದಾಖಲೆ. ಈ ಕೊನೆಯದಕ್ಕೆ ಇವೀಸಾದ ಮುದ್ರಿತ ಪ್ರತಿ, ಜೊತೆಗೆ ಗ್ರ್ಯಾಜುಯೇಟ್ ಅರ್ಜಿ ಸಲ್ಲಿಸಿದ್ದಕ್ಕೆ ಬಂದ ಇಮೇಲ್ ಎರಡನ್ನೂ ಕೊಡಲಿ. ಜನವರಿ 30ರ ನಂತರ ಕೇಂದ್ರಕ್ಕೆ ಹೋದರೆ ಇವೀಸಾದ ಮೇಲೆ ಅವಧಿ ಮುಗಿದಂತೆ ಕಾಣಬಹುದು. ಆಗ ಎರಡನೆಯ ಕಾಗದವೇ ಅವನ ಪರವಾಗಿ ಮಾತಾಡುವುದು.

ಕಳುವಾದ ಪಾಸ್‌ಪೋರ್ಟಿನ ಜೆರಾಕ್ಸ್ ಎಂದೆನಲ್ಲ, ಇಲ್ಲಿ ತಿಪಟೂರಿನವರಾದ ನೀವು ಸಹಾಯ ಮಾಡಬಹುದು. ಮೊದಲ ಪುಟದ ಪ್ರತಿ ಎಲ್ಲರ ಫೋನಿನಲ್ಲೂ ಇರುತ್ತದೆ. ಕೊನೆಯ ಪುಟ, ಅಂದರೆ ತಂದೆತಾಯಿಯ ಹೆಸರು, ವಿಳಾಸ, ಹಳೆಯ ಪಾಸ್‌ಪೋರ್ಟಿನ ವಿವರ ಮತ್ತು ಫೈಲ್ ನಂಬರ್ ಇರುವ ಪುಟ, ಯಾರ ಹತ್ತಿರವೂ ಇರುವುದಿಲ್ಲ. ಅಧಿಕಾರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಬ್ಯಾಂಕಿನಲ್ಲಿ ಎಜುಕೇಶನ್ ಲೋನ್ ತೆಗೆದಿದ್ದರೆ ಆ ಫೈಲಿನಲ್ಲಿ, ವೀಸಾ ಮಾಡಿಸಿಕೊಟ್ಟ ಏಜೆಂಟರ ಹತ್ತಿರ, ಕಾಲೇಜಿಗೆ ಕಳಿಸಿದ ಇಮೇಲ್‌ಗಳಲ್ಲಿ ಹುಡುಕಿ ನೋಡಿ. ಎರಡೂ ಪುಟದ ಪ್ರತಿ ಸಿಕ್ಕುವ ಸಾಧ್ಯತೆ ಹೆಚ್ಚಿರುವುದು ಬ್ಯಾಂಕಿನ ಫೈಲಿನಲ್ಲೇ.

ಸಮಯದ ಮಾತಿಗೆ ಬರೋಣ, ನಿಮಗೆ ಕಹಿಯಾಗುವುದು ಇದೇ. ಕಳುವಾದ ಪಾಸ್‌ಪೋರ್ಟಿನ ಬದಲಿಗೆ ಹೊಸದು ಕೊಡುವ ಮೊದಲು ಹೈಕಮಿಷನ್ ಹಳೆಯದನ್ನು ಕೊಟ್ಟ ಕಚೇರಿಯಿಂದ ಒಪ್ಪಿಗೆ ಕೇಳುತ್ತದೆ. ನಿಮ್ಮ ಮಗನ ವಿಷಯದಲ್ಲಿ ಅದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಇರಬೇಕು. ಅಲ್ಲಿಂದ ಪೊಲೀಸ್ ಪರಿಶೀಲನೆಗೂ ಬರಬಹುದು. ಹಾಗೆ ಬಂದರೆ ನಿಮ್ಮ ಠಾಣೆಯಿಂದ ಮನೆಗೆ ಒಬ್ಬರು ಬರುತ್ತಾರೆ, ಇಲ್ಲವೇ ಫೋನ್ ಮಾಡುತ್ತಾರೆ. ಮದುವೆಮನೆಯ ಗಡಿಬಿಡಿಯಲ್ಲಿ ‘ಅವನು ಇಲ್ಲಿಲ್ಲ’ ಎಂದಷ್ಟೇ ಹೇಳಿ ಕಳಿಸಿಬಿಟ್ಟರೆ ವಿಳಾಸದಲ್ಲಿ ಇಲ್ಲ ಎಂದು ವರದಿ ಹೋಗುವ ಅಪಾಯ ಇದೆ. ಮಗ ಬ್ರಿಟನ್ನಿನಲ್ಲಿದ್ದಾನೆ, ಪಾಸ್‌ಪೋರ್ಟ್ ಅಲ್ಲಿ ಕಳುವಾಗಿದೆ, ಅಲ್ಲಿಂದಲೇ ಅರ್ಜಿ ಹಾಕಿದ್ದಾನೆ ಎಂದು ಬಿಡಿಸಿ ಹೇಳಿ, ಅರ್ಜಿಯ ಪ್ರತಿಯನ್ನೂ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಟ್ಟಾರೆ ಇದು ವಾರಗಟ್ಟಲೆ ಹಿಡಿಯುವ ಕೆಲಸ. ಫೆಬ್ರವರಿ 15ರೊಳಗೆ ಹೊಸ ಪಾಸ್‌ಪೋರ್ಟ್ ಕೈಗೆ ಬರುತ್ತದೆಂದು ಲೆಕ್ಕ ಹಾಕಬೇಡಿ. ಒಪ್ಪಿಗೆ ತಡವಾದರೆ ಕೆಲವೊಮ್ಮೆ ಕಡಿಮೆ ಅವಧಿಯ ಪಾಸ್‌ಪೋರ್ಟ್ ಕೊಡುವುದುಂಟು. ಕೇಳಿ ನೋಡಲಿ. ಆದರೆ ಪಾಸ್‌ಪೋರ್ಟ್ ನಾಳೆಯೇ ಸಿಕ್ಕರೂ ವೀಸಾ ತೀರ್ಮಾನ ಬರುವವರೆಗೆ ಅವನು ಹೊರಡುವಂತಿಲ್ಲ ಎನ್ನುವುದು ಹಾಗೆಯೇ ಉಳಿಯುತ್ತದೆ.

ಇಷ್ಟು ಓದಿ ಮದುವೆಯ ಆಸೆ ಬಿಟ್ಟುಬಿಡಬೇಡಿ, ಒಂದು ಕಿಂಡಿ ಇದೆ. ಗ್ರ್ಯಾಜುಯೇಟ್ ಅರ್ಜಿಗಳ ತೀರ್ಮಾನ ಸಾಮಾನ್ಯವಾಗಿ 8 ವಾರದೊಳಗೆ ಬರುತ್ತದೆ. ಜನವರಿ 8ಕ್ಕೆ ಹಾಕಿದ್ದರೆ 8 ವಾರ ಎಂದರೆ ಮಾರ್ಚ್ ಮೊದಲ ವಾರ. ಎಷ್ಟೋ ಜನರಿಗೆ ಅದಕ್ಕಿಂತ ಮೊದಲೇ ಬರುತ್ತದೆ. ಫೆಬ್ರವರಿ 12ರ ಹೊತ್ತಿಗೆ ‘ವೀಸಾ ಮಂಜೂರಾಗಿದೆ’ ಎಂಬ ಇಮೇಲ್ ಬಂತೆನ್ನಿ. ಆಗ ಇಷ್ಟು ಹೊತ್ತು ಬೇಡ ಎಂದಿದ್ದ ಎಮರ್ಜೆನ್ಸಿ ಸರ್ಟಿಫಿಕೇಟೇ ಕೆಲಸಕ್ಕೆ ಬರುತ್ತದೆ. ಮಂಜೂರಾದ ಗ್ರ್ಯಾಜುಯೇಟ್ ವೀಸಾ ದೇಶ ಬಿಟ್ಟರೆ ರದ್ದಾಗುವುದಿಲ್ಲ. ಸರ್ಟಿಫಿಕೇಟ್ ಹಿಡಿದು ಬರಲಿ, ತಂಗಿಯ ಮದುವೆ ಮಾಡಲಿ, ಇಲ್ಲಿಯೇ ಹೊಸ ಪಾಸ್‌ಪೋರ್ಟ್ ಪಡೆದು ಮರಳಲಿ. ಕಳುವಾದ ಪಾಸ್‌ಪೋರ್ಟಿನ ಬದಲಿಗೆ 36 ಪುಟದ್ದಕ್ಕೆ ಇಲ್ಲಿ ಶುಲ್ಕ 3,000 ರೂಪಾಯಿ. ಪೊಲೀಸ್ ಪರಿಶೀಲನೆ ಇದ್ದೇ ಇರುತ್ತದೆ, ಆದ್ದರಿಂದ ಅಲ್ಲಿ ಕೆಲಸಕ್ಕೆ ಸೇರುವ ದಿನ ಹತ್ತಿರದಲ್ಲಿದ್ದರೆ ಅದನ್ನೂ ಯೋಚಿಸಿಕೊಂಡೇ ಬರಬೇಕು. ಒಟ್ಟಿನಲ್ಲಿ ಮೊದಲು ವೀಸಾ ತೀರ್ಮಾನ, ಆಮೇಲೆ ಸರ್ಟಿಫಿಕೇಟ್. ಈ ಎರಡರ ಸರದಿ ತಿರುಗುಮುರುಗಾದರೆ ಮೇಲೆ ಹೇಳಿದ ನಷ್ಟ. ಸರ್ಟಿಫಿಕೇಟ್‌ಗೆ ಬೇಕಾದ ಪೊಲೀಸ್ ಪತ್ರ, ಜೆರಾಕ್ಸ್, ಫೋಟೊ ಎಲ್ಲವನ್ನೂ ಈಗಲೇ ಹೊಂದಿಸಿಟ್ಟುಕೊಂಡಿರಲಿ. ಆದರೆ ಒಂದು ಕಡೆ ರೀಇಶ್ಯೂ ಅರ್ಜಿ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಸರ್ಟಿಫಿಕೇಟ್ ಕೇಳಬೇಕಾದರೆ ಮೊದಲನೆಯದನ್ನು ಏನು ಮಾಡಬೇಕೆಂದು ಹೈಕಮಿಷನ್ನಿಗೆ ಬರೆದು ಲಿಖಿತ ಉತ್ತರ ಪಡೆಯಲಿ.

ಇವೀಸಾ ಕಡೆಯ ಎರಡು ಮಾತು. ಬ್ರಿಟನ್ನಿನಲ್ಲಿ ಈಗ ವೀಸಾ ಎಂಬುದು ಪಾಸ್‌ಪೋರ್ಟಿನೊಳಗಿನ ಚೀಟಿಯಲ್ಲ, 2024ರ ಕೊನೆಗೆ ವಾಸದ ಕಾರ್ಡುಗಳ ಅವಧಿಯೂ ಮುಗಿದು ಎಲ್ಲ ಆನ್‌ಲೈನ್ ಆಗಿದೆ. ಹೀಗಾಗಿ ಪಾಸ್‌ಪೋರ್ಟಿನ ಜೊತೆ ಅವನ ವೀಸಾ ಕಳುವಾಗಿಲ್ಲ. ಅವನು ಮೊದಲು ಮಾಡಬೇಕಾದದ್ದು ಪಾಸ್‌ಪೋರ್ಟ್ ಕಳುವಾದ ವಿಷಯವನ್ನು ಯು.ಕೆ.ವಿ.ಐ.ಗೆ, ಅಂದರೆ ಅಲ್ಲಿನ ವೀಸಾ ಇಲಾಖೆಗೆ, ಅರ್ಜಿಯ ನಂಬರ್ ಸಮೇತ ತಿಳಿಸುವುದು. ಹೇಳಿದರೆ ಅರ್ಜಿಗೆ ಪೆಟ್ಟಾದೀತೆಂದು ಹೆದರಿ ಮುಚ್ಚಿಡುವವರಿದ್ದಾರೆ. ಪಾಸ್‌ಪೋರ್ಟ್ ಕಳುವಾದ ಮಾತ್ರಕ್ಕೆ ಅರ್ಜಿ ತಿರಸ್ಕಾರವಾಗುವುದಿಲ್ಲ. ಮೂಲ ಪಾಸ್‌ಪೋರ್ಟ್ ತೋರಿಸಿ ಎಂದು ಮುಂದೆ ಕೇಳಿದಾಗ ಏನೂ ಹೇಳದೆ ಸುಮ್ಮನಿದ್ದರೆ ತೊಂದರೆ. ಎರಡನೆಯದು, ಆ ಆನ್‌ಲೈನ್ ಖಾತೆಗೆ ಒಳಹೋಗಲು ಖಾತೆ ತೆರೆಯುವಾಗ ಬಳಸಿದ ದಾಖಲೆಯ ನಂಬರ್ ಬೇಕು, ಜೊತೆಗೆ ಫೋನಿಗೋ ಇಮೇಲ್‌ಗೋ ಬರುವ ಕೋಡ್. ಅವನ ಫೋನ್ ಉಳಿದದ್ದು ಇಲ್ಲಿ ಉಪಕಾರಕ್ಕೆ ಬಂತು. ಕಳುವಾಯಿತೆಂದು ಹಳೆಯ ಪಾಸ್‌ಪೋರ್ಟ್ ನಂಬರನ್ನು ಮರೆತುಬಿಡಬಾರದು, ಹೊಸದು ಸೇರಿಸುವವರೆಗೂ ಬಾಗಿಲು ತೆರೆಯುವುದು ಅದರಿಂದಲೇ.

ಹೊಸ ಪಾಸ್‌ಪೋರ್ಟ್ ಬಂದ ದಿನವೇ ಅದರ ವಿವರವನ್ನು ಆ ಖಾತೆಗೆ ಸೇರಿಸಬೇಕು. ಇದನ್ನು ಬಿಟ್ಟವರು ಸಿಕ್ಕಿಬೀಳುವುದು ಲಂಡನ್ನಿನಲ್ಲಲ್ಲ, ದೇವನಹಳ್ಳಿಯಲ್ಲಿ. ಚೆಕ್‌ಇನ್ ಕೌಂಟರಿನಲ್ಲಿ ವಿಮಾನ ಕಂಪನಿಯವರು ಹೊಸ ನಂಬರನ್ನು ಒತ್ತುತ್ತಾರೆ, ಅವರ ಪರದೆಯಲ್ಲಿ ಆ ನಂಬರಿಗೆ ಯಾವ ವೀಸಾವೂ ಕಾಣುವುದಿಲ್ಲ, ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಬರುವ ಮೊದಲು ಖಾತೆಯಿಂದ ಒಂದು ಶೇರ್ ಕೋಡ್ ತೆಗೆದಿಟ್ಟುಕೊಂಡರೆ ಆಗ ತೋರಿಸಲು ಏನಾದರೂ ಇರುತ್ತದೆ. ಆ ಕೋಡ್ 90 ದಿನ ನಡೆಯುತ್ತದೆ. ಅರ್ಜಿ ಬಾಕಿ ಇರುವಾಗಲೇ ಯಾವುದಾದರೂ ಕಂಪನಿ ಕೆಲಸ ಕೊಡಲು ಮುಂದಾಗಿ, ಜನವರಿ 30 ದಾಟಿದೆಯಲ್ಲ ಎಂದು ಅನುಮಾನಿಸಿದರೆ, ಹೋಂ ಆಫೀಸಿನ ಎಂಪ್ಲಾಯರ್ ಚೆಕಿಂಗ್ ಸರ್ವಿಸ್‌ನಲ್ಲಿ ವಿಚಾರಿಸುವಂತೆ ಅವರಿಗೆ ಹೇಳಲಿ. ಹಕ್ಕಿದೆ ಎಂದಾದರೆ ಆರು ತಿಂಗಳು ನಡೆಯುವ ಪತ್ರವನ್ನು ಅದು ನೇರವಾಗಿ ಕಂಪನಿಗೇ ಕೊಡುತ್ತದೆ.

ಅಮೆರಿಕದಲ್ಲಿ ಮಕ್ಕಳಿರುವವರು ಇದನ್ನು ಅಲ್ಲಿಗೆ ಹಾಗೆಹಾಗೇ ಅನ್ವಯಿಸಬೇಡಿ. ಅಲ್ಲಿ ವೀಸಾ ಇನ್ನೂ ಪಾಸ್‌ಪೋರ್ಟಿನೊಳಗಿನ ಚೀಟಿಯೇ, ಪಾಸ್‌ಪೋರ್ಟ್ ಹೋದರೆ ಅದೂ ಹೋಯಿತು, ದೇಶದೊಳಗೆ ಬದಲಿ ಕೊಡುವುದಿಲ್ಲ, ಹೊರಗಿನ ಅಮೆರಿಕನ್ ಕಾನ್ಸುಲೇಟಿನಲ್ಲೇ ಹೊಸದಾಗಿ ಕೇಳಬೇಕು. ಆದರೆ ಒಳಗೆ ಇರುವ ಹಕ್ಕು ಆ ಚೀಟಿಯಿಂದಲ್ಲ, ಐ-94 ದಾಖಲೆಯಿಂದ ಬರುವುದು. ಅದನ್ನು ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಬಹುದು. ಒಂದು ವಿಷಯದಲ್ಲಿ ಮಾತ್ರ ಎರಡೂ ದೇಶಗಳು ಒಂದೇ: ವಿಸಿಟರ್ ಆಗಿ ಬಂದು ಸ್ಟೂಡೆಂಟ್ ಆಗುತ್ತೇನೆ ಎಂದು ಸ್ಥಾನಮಾನ ಬದಲಾವಣೆಗೆ ಅರ್ಜಿ ಹಾಕಿದವರು ಅದು ಬಾಕಿ ಇರುವಾಗ ದೇಶ ಬಿಟ್ಟರೆ ಅಲ್ಲಿಯೂ ಅರ್ಜಿ ಕೈಬಿಟ್ಟಂತೆ.

ಕೊನೆಯದಾಗಿ, ರೈಲ್ವೆಯವರಿಂದಲೋ ಯಾರೋ ಪುಣ್ಯಾತ್ಮರಿಂದಲೋ ಆ ಬ್ಯಾಗ್ ನಾಳೆ ಸಿಕ್ಕಿ, ಪಾಸ್‌ಪೋರ್ಟ್ ಹಾಗೇ ಒಳಗಿದ್ದರೆ? ಹೈಕಮಿಷನ್ನಿನಲ್ಲಿ ಅರ್ಜಿ ಹಾಕಿ ಕಳುವಾಗಿದೆ ಎಂದು ದಾಖಲಾದ ಮೇಲೆ ಅದು ರದ್ದಾದ ಪಾಸ್‌ಪೋರ್ಟ್. ಇಂಥವುಗಳ ನಂಬರ್‌ಗಳು ಇಂಟರ್‌ಪೋಲ್‌ನ ಕಳುವಾದ ಪ್ರಯಾಣಪತ್ರಗಳ ಪಟ್ಟಿಗೆ ಸೇರುತ್ತವೆ. 2002ರಿಂದ ಇರುವ ಈ ಪಟ್ಟಿಯನ್ನು ಗಡಿಗಳಲ್ಲಿ ಪರೀಕ್ಷಿಸುತ್ತಾರೆ. ಫೋಟೊ ತನ್ನದೇ, ಹೆಸರು ತನ್ನದೇ ಎಂದು ಅದನ್ನು ಹಿಡಿದು ವಿಮಾನ ಹತ್ತಲು ಹೋದವರನ್ನು ತಡೆದು ಕೂರಿಸಿ ವಿಚಾರಿಸಿದ ಪ್ರಸಂಗಗಳಿವೆ. ಸಿಕ್ಕ ಪಾಸ್‌ಪೋರ್ಟನ್ನು ಹೈಕಮಿಷನ್ನಿಗೆ ಒಪ್ಪಿಸಿ, ಪೊಲೀಸರಿಗೆ ಅದೇ ರೆಫರೆನ್ಸ್ ನಂಬರಿನಲ್ಲಿ ತಿಳಿಸಲಿ. ಇನ್ನೂ ಅರ್ಜಿ ಹಾಕಿಲ್ಲ, ಪೊಲೀಸ್ ದೂರು ಮಾತ್ರ ಆಗಿದೆ ಎಂದಾದರೂ ಹೈಕಮಿಷನ್ನಿಗೆ ಬರೆದು ಅದು ಇನ್ನೂ ಚಾಲ್ತಿಯಲ್ಲಿದೆ ಎಂಬ ಲಿಖಿತ ಉತ್ತರ ಬರುವವರೆಗೆ ಅದನ್ನು ಪ್ರಯಾಣಕ್ಕೆ ಬಳಸುವುದು ಬೇಡ.